ಬಾಂಡ್ ತಗ್ಗಿಸಿ ಚಿನ್ನ ಸೇರಿಸಿದರೆ ಅಪಾಯ ಇಳಿಯುತ್ತದೆಯೆ?

ಪ್ರಶ್ನೆ: ನನ್ನ ಹೂಡಿಕೆಯಲ್ಲಿ ಶೇ 60 ಷೇರು, ಶೇ 40 ಸರ್ಕಾರಿ ಬಾಂಡ್ ಇದೆ. ಚಿನ್ನಕ್ಕೂ ಇವೆರಡಕ್ಕೂ ಸಹಸಂಬಂಧ, ಅಂದರೆ ಒಟ್ಟಿಗೆ ಏರಿ ಇಳಿಯುವ ಒಲವು, ಸೊನ್ನೆಯ ಹತ್ತಿರ ಎಂದು ಓದಿದ್ದೇನೆ. ಆದರೆ ಚಿನ್ನ ಒಮ್ಮೊಮ್ಮೆ ಬಾಂಡಿನ ಜೊತೆ ಬೀಳುತ್ತದೆ, ಒಮ್ಮೊಮ್ಮೆ ಮೂರೂ ಒಟ್ಟಿಗೆ ಬೀಳುತ್ತವೆ. ಬಾಂಡಿನಿಂದ ಶೇ 10 ತೆಗೆದು ಚಿನ್ನಕ್ಕೆ ಹಾಕಿದರೆ ಅಪಾಯ ನಿಜವಾಗಿ ಕಡಿಮೆಯಾಗುತ್ತದೆಯೆ?

ಉತ್ತರ: ಷೇರು ಬಿದ್ದಾಗ ಬಾಂಡ್ ಏರುವ ಕಾಲದಲ್ಲಿ ಈ ಬದಲಾವಣೆ ಅಪಾಯವನ್ನು ತುಸು ಹೆಚ್ಚಿಸುತ್ತದೆ. ಷೇರು, ಬಾಂಡ್ ಎರಡೂ ಒಟ್ಟಿಗೆ ಬೀಳುವ ಕಾಲದಲ್ಲಿ ಕಡಿಮೆ ಮಾಡುತ್ತದೆ. ಅಂದರೆ ಚಿನ್ನದ ಉಪಯೋಗವನ್ನು ತೀರ್ಮಾನಿಸುವುದು ಬಹುಪಾಲು ಚಿನ್ನವಲ್ಲ; ನಿಮ್ಮ ಬಾಂಡ್ ಆ ಹೊತ್ತಿನಲ್ಲಿ ತನ್ನ ಕೆಲಸ ಮಾಡುತ್ತಿದೆಯೆ ಇಲ್ಲವೆ ಎಂಬುದು. ನೀವು ಓದಿದ ಸೊನ್ನೆಯ ಹತ್ತಿರದ ಸಂಖ್ಯೆ ಸುಳ್ಳಲ್ಲ. ಆದರೆ ಅದು ಒಂದಕ್ಕೊಂದು ವಿರುದ್ಧವಾದ ಹಲವು ಕಾಲಘಟ್ಟಗಳನ್ನು ಕೂಡಿಸಿ ತೆಗೆದ ಸರಾಸರಿ. ಯಾವುದೇ ಒಂದು ಕಾಲಘಟ್ಟದಲ್ಲಿ ನಿಮಗೆ ಆ ಸರಾಸರಿ ಸಿಗುವುದಿಲ್ಲ.

ಕಾರಣದಿಂದ ಶುರುಮಾಡೋಣ. ಸಾಮಾನ್ಯ ಸರ್ಕಾರಿ ಬಾಂಡಿನ ಯೀಲ್ಡ್‌ನಲ್ಲಿ ಎರಡು ಭಾಗಗಳಿರುತ್ತವೆ. ಒಂದು ನೈಜ ಯೀಲ್ಡ್, ಅಂದರೆ ಹಣದುಬ್ಬರ ಕಳೆದ ಮೇಲೆ ಉಳಿಯುವ ಗಳಿಕೆ. ಇನ್ನೊಂದು ಮಾರುಕಟ್ಟೆ ನಿರೀಕ್ಷಿಸುವ ಹಣದುಬ್ಬರ. ಎರಡರಲ್ಲಿ ಯಾವುದು ಏರಿದರೂ ಬಾಂಡಿನ ಬೆಲೆ ಇಳಿಯುತ್ತದೆ. ಚಿನ್ನ ಹಾಗಲ್ಲ. ಅದಕ್ಕೆ ಬಡ್ಡಿ ಇಲ್ಲ, ಆದ್ದರಿಂದ ನೈಜ ಯೀಲ್ಡ್ ಏರಿದಾಗ ಚಿನ್ನ ಇಟ್ಟುಕೊಳ್ಳುವವರು ಬಿಟ್ಟುಕೊಡಬೇಕಾದ ಗಳಿಕೆ ಹೆಚ್ಚುತ್ತದೆ, ಬೆಲೆಯ ಮೇಲೆ ಒತ್ತಡ ಬೀಳುತ್ತದೆ. ಆದರೆ ನಿರೀಕ್ಷಿತ ಹಣದುಬ್ಬರ ಏರಿದರೆ ಚಿನ್ನಕ್ಕೆ ಅದು ಅನುಕೂಲ. ಹಾಗಾಗಿ ಬಡ್ಡಿಯ ಚಲನೆ ನೈಜ ಭಾಗದಿಂದ ಬಂದರೆ ಚಿನ್ನ ಮತ್ತು ಬಾಂಡ್ ಒಂದೇ ದಿಕ್ಕಿಗೆ ಹೋಗುತ್ತವೆ. ಹಣದುಬ್ಬರದ ಭಾಗದಿಂದ ಬಂದರೆ ಬೇರೆ ಬೇರೆ ದಿಕ್ಕಿಗೆ ಹೋಗುತ್ತವೆ. ಸಹಸಂಬಂಧದ ಚಿಹ್ನೆ ಬದಲಾಗುವುದಕ್ಕೆ ಮುಖ್ಯ ಕಾರಣ ಇದೇ.

ಇತಿಹಾಸದಲ್ಲಿ ಇದು ಸ್ಪಷ್ಟವಾಗಿಯೇ ಕಾಣುತ್ತದೆ. ಅಮೆರಿಕದ ಅಂಕಿಗಳನ್ನೇ ತೆಗೆದುಕೊಳ್ಳುತ್ತೇನೆ. ಡಾಲರಿನಲ್ಲಿ ಚಿನ್ನದ ಬೆಲೆ ಮತ್ತು ಅಲ್ಲಿನ ಖಜಾನೆ ಬಾಂಡುಗಳ ಮಾಹಿತಿ ದೀರ್ಘಕಾಲದ್ದು ಸಿಗುತ್ತದೆ. 2013ರಲ್ಲಿ 10 ವರ್ಷದ ನೈಜ ಯೀಲ್ಡ್ ಶೇ −0.7ರ ಹತ್ತಿರದಿಂದ ಶೇ +0.8ರ ಹತ್ತಿರಕ್ಕೆ ಏರಿತು. ಫೆಡರಲ್ ರಿಸರ್ವ್ ಬಾಂಡ್ ಖರೀದಿಯನ್ನು ತಗ್ಗಿಸಲಿದೆ ಎಂಬ ಸುಳಿವು ಇದರ ಹಿಂದಿತ್ತು. ಆ ವರ್ಷ ಬಾಂಡ್ ಬಿತ್ತು, ಚಿನ್ನ ಸುಮಾರು ಶೇ 28 ಬಿತ್ತು, ಷೇರು ಲಾಭಾಂಶ ಸೇರಿ ಸುಮಾರು ಶೇ 32 ಏರಿತು. ಬಾಂಡಿನ ನಷ್ಟವನ್ನು ಚಿನ್ನ ತುಂಬಿಕೊಡುತ್ತದೆ ಎಂದುಕೊಂಡಿದ್ದವರಿಗೆ ಎರಡೂ ಕಡೆ ಪೆಟ್ಟು ಬಿತ್ತು. 1981 ಕೂಡ ಇದೇ ಬಗೆಯದು: ಹಣದುಬ್ಬರ ತಗ್ಗಿಸಲು ಪಾಲ್ ವೋಲ್ಕರ್ ನೇತೃತ್ವದ ಫೆಡರಲ್ ರಿಸರ್ವ್ ನೈಜ ಬಡ್ಡಿಯನ್ನು ಬಹಳ ಎತ್ತರದಲ್ಲಿ ಇಟ್ಟಿತ್ತು, ಚಿನ್ನ ಒಂದೇ ವರ್ಷದಲ್ಲಿ ಶೇ 30ಕ್ಕಿಂತ ಹೆಚ್ಚು ಕಳೆದುಕೊಂಡಿತು.

ಇದರ ಎದುರಿಗೆ 1973–74 ಇದೆ. ತೈಲ ಬೆಲೆ ಏರಿ ಹಣದುಬ್ಬರ ನುಗ್ಗಿತು, ಬಡ್ಡಿ ದರ ಅದರ ಹಿಂದೆ ಏದುಸಿರು ಬಿಡುತ್ತ ಬಂತು. ಷೇರುಗಳು ಆ ಎರಡು ವರ್ಷಗಳಲ್ಲಿ ಲಾಭಾಂಶ ಸೇರಿಸಿದರೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಳೆದುಕೊಂಡವು. ಚಿನ್ನ ಔನ್ಸಿಗೆ ಸುಮಾರು 65 ಡಾಲರಿನಿಂದ 180 ಡಾಲರ್ ದಾಟಿತು. ಆದರೆ ಈ ಉದಾಹರಣೆಯನ್ನು ಹಾಗೆಯೇ ಇಂದಿಗೆ ಹೊಂದಿಸಬೇಡಿ. 1971ರ ಆಗಸ್ಟ್ 15ರವರೆಗೆ ಅಮೆರಿಕ ಚಿನ್ನಕ್ಕೆ 35 ಡಾಲರಿನ ಅಧಿಕೃತ ಬೆಲೆಯನ್ನು ಕಾಯ್ದುಕೊಂಡು ಬಂದಿತ್ತು. ಅಲ್ಲಿನ ನಾಗರಿಕರು ಹೂಡಿಕೆಗಾಗಿ ಚಿನ್ನ ಇಟ್ಟುಕೊಳ್ಳಲು ಅನುಮತಿ ಸಿಕ್ಕಿದ್ದು 1974ರ ಕೊನೆಯ ದಿನ. ದಶಕಗಳಿಂದ ಕಟ್ಟಿಹಾಕಿದ್ದ ಬೆಲೆ ಬಿಡುಗಡೆಯಾದ ಪರಿಣಾಮವೂ ಆ ಏರಿಕೆಯಲ್ಲಿ ಬೆರೆತಿದೆ.

2022 ಇವೆರಡರ ನಡುವಿನದು, ಅದಕ್ಕೇ ಹೆಚ್ಚು ಕಲಿಸುತ್ತದೆ. ಹಣದುಬ್ಬರ ಏರಿತು, ಜೊತೆಗೆ ನೈಜ ಯೀಲ್ಡ್ ಕೂಡ ಶೇ −1ರ ಆಸುಪಾಸಿನಿಂದ ಶೇ +1.5ರ ಆಸುಪಾಸಿಗೆ ಜಿಗಿಯಿತು. ಷೇರು ಸುಮಾರು ಶೇ 18, ವಿಶಾಲ ಬಾಂಡ್ ಸೂಚ್ಯಂಕ ಸುಮಾರು ಶೇ 13 ಬಿದ್ದವು. ಡಾಲರಿನಲ್ಲಿ ಚಿನ್ನ ವರ್ಷಾರಂಭದ ಬೆಲೆಯ ಹತ್ತಿರವೇ ವರ್ಷ ಮುಗಿಸಿತು. ಇದನ್ನು ಕೆಲವರು ಚಿನ್ನದ ಸೋಲು ಎಂದರು, ಏಕೆಂದರೆ ಅಷ್ಟು ಹಣದುಬ್ಬರದಲ್ಲೂ ಅದು ಏರಲಿಲ್ಲ. ಪೋರ್ಟ್‌ಫೋಲಿಯೊದ ದೃಷ್ಟಿಯಿಂದ ಅದು ಸೋಲಲ್ಲ. ಬಾಂಡ್ ಶೇ 13 ಕಳೆದುಕೊಂಡಾಗ ಅದರ ಜಾಗದಲ್ಲಿ ಏನೂ ಕಳೆದುಕೊಳ್ಳದ ಒಂದು ಆಸ್ತಿ ಇದ್ದರೆ ಅದೇ ಉಪಕಾರ.

ಈಗ ನಿಮ್ಮ ಶೇ 60–40ಕ್ಕೆ ಬರೋಣ. ಲೆಕ್ಕಕ್ಕಾಗಿ ಕೆಲವು ಊಹೆಗಳನ್ನು ಇಟ್ಟುಕೊಳ್ಳುತ್ತೇನೆ. ಇವು ಯಾವುದೋ ಒಂದು ವರ್ಷದ ಅಳತೆಗಳಲ್ಲ, ಆಯಾ ಕಾಲಘಟ್ಟದ ಸ್ವಭಾವಕ್ಕೆ ಹೊಂದುವ ದುಂಡು ಅಂಕಿಗಳು. ಅಪಾಯವನ್ನು ಇಲ್ಲಿ ವಾರ್ಷಿಕ ಏರಿಳಿತದಿಂದ ಅಳೆಯುತ್ತೇನೆ: ಷೇರಿಗೆ ಶೇ 16, ಚಿನ್ನಕ್ಕೆ ಶೇ 15. ಬಾಂಡಿಗೆ ಶಾಂತ ಕಾಲದಲ್ಲಿ ಶೇ 6, ಹಣದುಬ್ಬರದ ಕಾಲದಲ್ಲಿ ಶೇ 9. ಚಿನ್ನ–ಬಾಂಡ್ ಸಹಸಂಬಂಧ ಎರಡೂ ಕಾಲದಲ್ಲಿ +0.3, ಚಿನ್ನ–ಷೇರು ಸೊನ್ನೆ. ಬೇಕೆಂದೇ ಚಿನ್ನದ ಸಹಸಂಬಂಧಗಳನ್ನು ಬದಲಿಸದೆ ಬಿಟ್ಟಿದ್ದೇನೆ. ಹಣದುಬ್ಬರದ ಕಾಲದಲ್ಲಿ ಚಿನ್ನ ಬಾಂಡಿನಿಂದ ಬೇರ್ಪಡುತ್ತದೆ ಎಂಬ ಅನುಕೂಲವನ್ನೂ ಅದಕ್ಕೆ ಕೊಟ್ಟಿಲ್ಲ. ಬದಲಾಗುವುದು ಬಾಂಡಿನ ಏರಿಳಿತ ಮತ್ತು ಷೇರು–ಬಾಂಡ್ ಸಹಸಂಬಂಧ ಮಾತ್ರ: ಶಾಂತ ಕಾಲದಲ್ಲಿ −0.3, ಹಣದುಬ್ಬರದ ಕಾಲದಲ್ಲಿ +0.5.

ಶಾಂತ ಕಾಲದಲ್ಲಿ 60–40ರ ಒಟ್ಟು ಏರಿಳಿತ ಶೇ 9.17. ಬಾಂಡಿನಿಂದ 10 ತೆಗೆದು ಚಿನ್ನಕ್ಕೆ ಹಾಕಿ 60–30–10 ಮಾಡಿದರೆ ಅದು ಶೇ 9.43 ಆಗುತ್ತದೆ. ಅಪಾಯ ಹೆಚ್ಚಿತು. ಹಣದುಬ್ಬರದ ಕಾಲದಲ್ಲಿ 60–40ರದು ಶೇ 11.82, ಚಿನ್ನ ಸೇರಿದ ಮೇಲೆ ಶೇ 11.40. ಅಪಾಯ ಇಳಿಯಿತು. ಚಿನ್ನದ ಕಡೆಯ ಒಂದು ಅಂಕಿಯನ್ನೂ ಮುಟ್ಟದೆ ಉತ್ತರ ತಿರುಗಿಬಿಟ್ಟಿತು.

ಹೀಗೇಕೆ ಎಂಬುದನ್ನು ಎರಡು ಸಾಲಿನ ಸೂತ್ರದಲ್ಲಿ ನೋಡಬಹುದು. ಒಂದು ಆಸ್ತಿಯನ್ನು ತೆಗೆದು ಇನ್ನೊಂದನ್ನು ಹಾಕುವಾಗ ಮುಖ್ಯವಾಗುವುದು, ಇಡೀ ಪೋರ್ಟ್‌ಫೋಲಿಯೊದ ಜೊತೆ ಪ್ರತಿಯೊಂದೂ ಎಷ್ಟು ಜೊತೆಯಾಗಿ ಚಲಿಸುತ್ತದೆ ಎಂಬುದು. ಇಲ್ಲಿ g ಚಿನ್ನ, b ಬಾಂಡ್, s ಷೇರು, P ಈಗಿರುವ 60–40. w ಪಾಲು, σ ಏರಿಳಿತ, ρ ಸಹಸಂಬಂಧ, cov ಆ ಜೊತೆ ಚಲನೆಯ ಅಳತೆ.

```
cov(g,P) = w_s·ρ_gs·σ_g·σ_s + w_b·ρ_gb·σ_g·σ_b
cov(b,P) = w_s·ρ_sb·σ_s·σ_b + w_b·σ_b²
```

ಶಾಂತ ಕಾಲದಲ್ಲಿ ಮೊದಲನೆಯದು 10.8, ಎರಡನೆಯದು −2.88. ಬಾಂಡ್ ಪೋರ್ಟ್‌ಫೋಲಿಯೊದ ಅಪಾಯವನ್ನು ಕಳೆಯುತ್ತಿದೆ, ಅದನ್ನು ತೆಗೆಯುವುದು ನಷ್ಟ. ಹಣದುಬ್ಬರದ ಕಾಲದಲ್ಲಿ ಚಿನ್ನದ್ದು 16.2, ಬಾಂಡಿನದು 75.6. ಬಾಂಡ್ ಈಗ ಷೇರಿನ ಜೊತೆಗಾರ. ಅದರ ಜಾಗದಲ್ಲಿ ಚಿನ್ನ ಬಂದರೆ ಲಾಭ. ಇದೇ ಪರೀಕ್ಷೆಯನ್ನು ನೀವು ನಿಜವಾದ ಬೆಲೆಗಳ ಮೇಲೆ ಸ್ಪ್ರೆಡ್‌ಶೀಟ್‌ನಲ್ಲಿ ಮಾಡಬಹುದು. ಷೇರು, ಬಾಂಡ್, ಚಿನ್ನದ ವಾರದ ಗಳಿಕೆಗಳನ್ನು B, C, D ಕಾಲಂಗಳಲ್ಲಿ ಇಡಿ. E ಕಾಲಂನಲ್ಲಿ 60–40ರ ಗಳಿಕೆ ಬರಲಿ, E2ರ ಸೂತ್ರವನ್ನು E157ರವರೆಗೆ ನಕಲಿಸಿ. 156 ವಾರಗಳಿಗೆ, ಅಂದರೆ ಮೂರು ವರ್ಷಗಳಿಗೆ, ಹೀಗೆ ಬರೆಯಿರಿ:

```
E2: =0.6*B2+0.4*C2
ಚಿನ್ನ: =COVARIANCE.S(D2:D157,E2:E157)
ಬಾಂಡ್: =COVARIANCE.S(C2:C157,E2:E157)
```

ಚಿನ್ನದ ಸಂಖ್ಯೆ ಬಾಂಡಿನದಕ್ಕಿಂತ ಚಿಕ್ಕದಿದ್ದರೆ, ಬಾಂಡಿನಿಂದ ಚಿನ್ನಕ್ಕೆ ಸಣ್ಣ ಪ್ರಮಾಣದ ವರ್ಗಾವಣೆ ಆ ಮೂರು ವರ್ಷಗಳಲ್ಲಿ ಅಪಾಯ ಇಳಿಸುತ್ತಿತ್ತು. ದೊಡ್ಡದಿದ್ದರೆ ಇಲ್ಲ. ಸಹಸಂಬಂಧವನ್ನು ಮಾತ್ರ ನೋಡುವುದಕ್ಕಿಂತ ಇದು ನೇರ, ಏಕೆಂದರೆ ಏರಿಳಿತದ ಬದಲಾವಣೆಯೂ ಇದರೊಳಗೇ ಸೇರಿಕೊಳ್ಳುತ್ತದೆ.

ಪ್ರಮಾಣದ ವಿಷಯ ಇಲ್ಲಿ ಹೇಳಲೇಬೇಕು. ಚಿನ್ನದ ಸ್ವಂತ ಏರಿಳಿತ ಷೇರಿನಷ್ಟೇ ದೊಡ್ಡದು, ಪಾಲು ಎರಡರಷ್ಟಾದರೆ ಅದರ ಹೊರೆ ನಾಲ್ಕರಷ್ಟಾಗುತ್ತದೆ. ಅವೇ ಊಹೆಗಳಲ್ಲಿ ಬಾಂಡಿನಿಂದ 5 ಮಾತ್ರ ತೆಗೆದರೆ ಶಾಂತ ಕಾಲದಲ್ಲಿ ಏರಿಳಿತ 0.10 ಅಂಶ ಹೆಚ್ಚುತ್ತದೆ, ಹಣದುಬ್ಬರದ ಕಾಲದಲ್ಲಿ 0.23 ಅಂಶ ಇಳಿಯುತ್ತದೆ. 10 ತೆಗೆದರೆ ಹೆಚ್ಚಳ 0.26, ಇಳಿಕೆ 0.42. 20 ತೆಗೆದರೆ ಹೆಚ್ಚಳ 0.72, ಇಳಿಕೆ 0.64. ಎಲ್ಲೋ ಹತ್ತು ಮತ್ತು ಇಪ್ಪತ್ತರ ನಡುವೆ ಲೆಕ್ಕ ನಷ್ಟದ ಕಡೆ ವಾಲಿತು. ಮುಂದಿನ ಕಾಲಘಟ್ಟ ಯಾವುದೆಂದು ನಿಮಗೆ ಖಚಿತವಿಲ್ಲದಿದ್ದರೆ 5ರಿಂದ 10ರ ನಡುವೆ ನಿಲ್ಲುವುದಕ್ಕೆ ನನ್ನ ಮಟ್ಟಿಗೆ ಇದೇ ಬಲವಾದ ವಾದ.

ಚಿನ್ನ–ಷೇರು ಸಹಸಂಬಂಧ ಸೊನ್ನೆ ಎಂಬ ಊಹೆಯನ್ನೂ ಅಲುಗಾಡಿಸಿ ನೋಡಿ. ಹಣದುಬ್ಬರದ ಕಾಲದಲ್ಲೇ ಅದು +0.3ಕ್ಕೆ ಏರಿದರೆ 60–30–10ರ ಏರಿಳಿತ ಶೇ 11.78 ಆಗುತ್ತದೆ, ಚಿನ್ನವಿಲ್ಲದ 60–40ರದು 11.82. ಲಾಭ ಬಹುತೇಕ ಮಾಯ. ಹಾಗಾಗಿ ಚಿನ್ನ ಮತ್ತು ಷೇರು ಒಟ್ಟಿಗೆ ಏರುತ್ತಿರುವ ಕಾಲದಲ್ಲಿ ಹುಷಾರಾಗಿರಬೇಕು. 2024ರಲ್ಲಿ ಎರಡೂ ಶೇ 25ರ ಆಸುಪಾಸಿನ ಅಥವಾ ಅದಕ್ಕೂ ಹೆಚ್ಚಿನ ಗಳಿಕೆ ಕೊಟ್ಟವು. ಆದರೆ ಒಂದು ಎಚ್ಚರಿಕೆ: ವರ್ಷದ ಕೊನೆಗೆ ಎರಡೂ ಏರಿವೆ ಎಂದ ಮಾತ್ರಕ್ಕೆ ಸಹಸಂಬಂಧ ಹೆಚ್ಚಿದೆ ಎಂದಲ್ಲ. ಸಹಸಂಬಂಧ ಅಳೆಯುವುದು ಪ್ರತಿ ವಾರದ ಗಳಿಕೆ ತನ್ನ ಸರಾಸರಿಯಿಂದ ಯಾವ ಕಡೆ ಸರಿಯಿತು ಎಂಬುದನ್ನು. ಎರಡೂ ಏರುಮುಖವಾಗಿದ್ದು, ವಾರದಿಂದ ವಾರಕ್ಕೆ ಒಂದಕ್ಕೊಂದು ಸಂಬಂಧವಿಲ್ಲದೆ ಅಲುಗಬಹುದು. ಅದು ಹೂಡಿಕೆದಾರರಿಗೆ ಒಳ್ಳೆಯ ಕಾಲವೇ.

ಮೂರೂ ಒಟ್ಟಿಗೆ ಬೀಳುವ ಬಗ್ಗೆ ಕೇಳಿದ್ದೀರಿ. ಅದು ನಗದಿನ ಬಿಕ್ಕಟ್ಟು, ಮೇಲಿನ ಎರಡಕ್ಕಿಂತ ಬೇರೆಯೇ ಜಾತಿ. 2020ರ ಮಾರ್ಚ್ 9ರಿಂದ 19ರ ನಡುವೆ ಚಿನ್ನ ಔನ್ಸಿಗೆ 1,680 ಡಾಲರಿನ ಆಸುಪಾಸಿನಿಂದ 1,470ರ ಆಸುಪಾಸಿಗೆ ಬಿತ್ತು. ಅದೇ ದಿನಗಳಲ್ಲಿ 10 ವರ್ಷದ ಬಾಂಡ್ ಯೀಲ್ಡ್ ಶೇ 0.5ರ ಹತ್ತಿರದಿಂದ 1.2ರ ಹತ್ತಿರಕ್ಕೆ ಏರಿತು, ಅಂದರೆ ಬಾಂಡೂ ಬಿತ್ತು. ಷೇರಂತೂ ಕುಸಿಯುತ್ತಲೇ ಇತ್ತು. ಸಾಲ ಮಾಡಿ ಹೂಡಿದವರು ಮಾರ್ಜಿನ್ ಕಟ್ಟಬೇಕಾದಾಗ ಮಾರಬೇಕೆಂದಿದ್ದನ್ನಲ್ಲ, ಮಾರಲು ಸಾಧ್ಯವಿರುವುದನ್ನು ಮಾರುತ್ತಾರೆ. ಚಿನ್ನ ಸುಲಭವಾಗಿ ನಗದಾಗುತ್ತದೆ, ಹಲವರಿಗೆ ಆಗ ಅದರಲ್ಲಿ ಲಾಭವೂ ಇರುತ್ತದೆ, ಆದ್ದರಿಂದ ಅದು ಮೊದಲು ಹೋಗುತ್ತದೆ. 2008ರಲ್ಲೂ ಹೀಗೇ: ಮಾರ್ಚ್‌ನಲ್ಲಿ 1,000 ಡಾಲರ್ ಮುಟ್ಟಿದ್ದ ಚಿನ್ನ ಅಕ್ಟೋಬರ್–ನವೆಂಬರ್ ಹೊತ್ತಿಗೆ 700ರ ಆಸುಪಾಸಿಗೆ ಬಂದಿತ್ತು, ಆದರೂ ವರ್ಷದ ಕೊನೆಗೆ ತುಸು ಲಾಭದಲ್ಲಿತ್ತು. ಎರಡೂ ಸಲ ಕೇಂದ್ರೀಯ ಬ್ಯಾಂಕುಗಳು ಡಾಲರ್ ಹರಿಸಿದ ಮೇಲೆ ಚಿನ್ನ ಬೇಗ ಚೇತರಿಸಿಕೊಂಡಿತು. 2020ರ ಆಗಸ್ಟ್‌ನಲ್ಲಿ 2,000 ಡಾಲರ್ ದಾಟಿತು. ಈ ಹಂತ ವಾರಗಳ ಮಟ್ಟದ್ದು, ವರ್ಷಗಳದ್ದಲ್ಲ. ತಿಂಗಳ ಅಂಕಿಗಳಲ್ಲಿ ಅದು ಸರಿಯಾಗಿ ಕಾಣುವುದೂ ಇಲ್ಲ. ಆ ವಾರಗಳಲ್ಲಿ ಬೇಕಾಗುವ ಹಣವನ್ನು ಚಿನ್ನದಲ್ಲಿ ಇಡಬೇಡಿ. ಬ್ಯಾಂಕ್ ಠೇವಣಿಯಲ್ಲೋ ಕೆಲವೇ ತಿಂಗಳ ಅವಧಿಯ ಸರ್ಕಾರಿ ಪತ್ರಗಳಲ್ಲೋ ಇಡಿ.

ಇನ್ನು ನೀವೇ ಅಳೆಯಲು ಹೊರಟರೆ ಎಲ್ಲಿ ತಪ್ಪಾಗುತ್ತದೆ ಎಂಬುದನ್ನು ಹೇಳಬೇಕು. ಬಹಳ ಸಾಮಾನ್ಯವಾದದ್ದು ದಿನದ ಬೆಲೆಗಳ ಹೊತ್ತು ತಪ್ಪುವುದು. ಲಂಡನ್‌ನಲ್ಲಿ ಚಿನ್ನದ ಮಾನದಂಡ ಬೆಲೆ ಬೆಳಿಗ್ಗೆ 10:30ಕ್ಕೆ ಮತ್ತು ಮಧ್ಯಾಹ್ನ 3 ಗಂಟೆಗೆ ನಿಗದಿಯಾಗುತ್ತದೆ. ನ್ಯೂಯಾರ್ಕ್ ಷೇರುಪೇಟೆ ಮುಚ್ಚುವಾಗ ಲಂಡನ್ನಿನಲ್ಲಿ ಸಾಮಾನ್ಯವಾಗಿ ರಾತ್ರಿ 9 ಗಂಟೆ. ಆ ಆರು ಗಂಟೆಗಳಲ್ಲಿ ನಡೆದದ್ದು ಷೇರಿನ ಇಂದಿನ ಗಳಿಕೆಯಲ್ಲೂ ಚಿನ್ನದ ನಾಳಿನ ಗಳಿಕೆಯಲ್ಲೂ ಸೇರುತ್ತದೆ. ಹೀಗೆ ಅಳೆದ ಸಹಸಂಬಂಧ ನಿಜಕ್ಕಿಂತ ಸೊನ್ನೆಗೆ ಹತ್ತಿರ ಬಂದು, ಚಿನ್ನ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ವಾರದ ಗಳಿಕೆ ಬಳಸಿದರೆ ಈ ದೋಷ ಬಹುಪಾಲು ಕರಗುತ್ತದೆ.

ಇನ್ನೊಂದು, ಆಕಸ್ಮಿಕ ಅಲುಗಾಟವನ್ನು ನಿಜವಾದ ಬದಲಾವಣೆ ಎಂದುಕೊಳ್ಳುವುದು. ನಿಜವಾದ ಸಹಸಂಬಂಧ ಸೊನ್ನೆಯೇ ಆಗಿದ್ದರೂ 36 ತಿಂಗಳ ಅಂಕಿಗಳಿಂದ ಲೆಕ್ಕ ಹಾಕಿದಾಗ ಅದು −0.33ರಿಂದ +0.33ರವರೆಗೆ ಎಲ್ಲಿ ಬೇಕಾದರೂ ಕಾಣಬಹುದು. 52 ವಾರಗಳಿಗೆ ಈ ಅಂಚು ಸುಮಾರು 0.28, 156 ವಾರಗಳಿಗೆ 0.16. ಒಂದು ವರ್ಷದ ಅಳತೆ −0.1ರಿಂದ +0.15ಕ್ಕೆ ಸರಿದರೆ ಕಾಲಘಟ್ಟ ಬದಲಾಯಿತು ಎಂದು ಹೇಳಲು ಅದು ಸಾಲದು.

ಮೂರನೆಯದು ಸೂಕ್ಷ್ಮ, ಆದರೆ ಬಲ್ಲವರೂ ಎಡವುವಂಥದು. ಷೇರು ಬಹಳ ಬಿದ್ದ ಅಥವಾ ಬಹಳ ಅಲುಗಿದ ದಿನಗಳನ್ನಷ್ಟೇ ಆರಿಸಿಕೊಂಡು ಬಿಕ್ಕಟ್ಟಿನ ಸಹಸಂಬಂಧ ಎಂದು ಅಳೆದರೆ, ಆ ಆಯ್ಕೆಯೇ ಸಂಖ್ಯೆಯನ್ನು ಬದಲಿಸಿಬಿಡುತ್ತದೆ. ಅಳೆಯಬೇಕಾದ ಅಂಕಿಯಿಂದಲೇ ದಿನಗಳನ್ನು ಆರಿಸಬಾರದು. ಕಾಲಘಟ್ಟವನ್ನು ಹೊರಗಿನ ಅಳತೆಯಿಂದ ಗುರುತಿಸಿ: ಹಣದುಬ್ಬರದ ಮಟ್ಟ, ನೈಜ ಯೀಲ್ಡ್‌ನ ದಿಕ್ಕು.

ಅದನ್ನು ಮಾಡುವ ವಿಧಾನ ಸರಳ. ಅಮೆರಿಕದಲ್ಲಿ 1997ರಿಂದ ಹಣದುಬ್ಬರಕ್ಕೆ ಹೊಂದಿಕೊಳ್ಳುವ ಖಜಾನೆ ಬಾಂಡುಗಳಿವೆ. ಅವುಗಳ ಯೀಲ್ಡ್ ನೈಜ ಯೀಲ್ಡ್. ಸಾಮಾನ್ಯ ಬಾಂಡಿನ ಯೀಲ್ಡ್‌ನಿಂದ ಅದನ್ನು ಕಳೆದರೆ ನಿರೀಕ್ಷಿತ ಹಣದುಬ್ಬರದ ಅಂದಾಜು ಸಿಗುತ್ತದೆ. ಕಳೆದ 13 ವಾರಗಳಲ್ಲಿ ಸಾಮಾನ್ಯ ಯೀಲ್ಡ್ 0.60 ಅಂಶ ಏರಿದೆ ಎಂದಿಟ್ಟುಕೊಳ್ಳಿ. ಅದರಲ್ಲಿ 0.50 ನೈಜ ಭಾಗದ್ದಾದರೆ ಅದು 2013ರ ಬಗೆಯ ಕಾಲ, ಚಿನ್ನ ಬಾಂಡಿನ ಜೊತೆಯೇ ಸೊರಗುವ ಸಂಭವ ಹೆಚ್ಚು. 0.50 ಹಣದುಬ್ಬರದ ಭಾಗದ್ದಾದರೆ ಎರಡೂ ಬೇರ್ಪಡುವ ಸಂಭವ ಹೆಚ್ಚು. ಜೊತೆಗೆ ಷೇರು–ಬಾಂಡ್ ಸಹಸಂಬಂಧವನ್ನು 52 ವಾರಗಳಿಗೆ ನೋಡಿ, ಅದು +0.28 ದಾಟಿದ್ದರೆ ಬಾಂಡ್ ತನ್ನ ರಕ್ಷಣೆಯ ಕೆಲಸ ಬಿಟ್ಟಿದೆ ಎಂದು ಧೈರ್ಯವಾಗಿ ಹೇಳಬಹುದು.

ಆದರೆ ನೈಜ ಯೀಲ್ಡ್‌ನ ಸೂತ್ರಕ್ಕೂ ಮಿತಿಯಿದೆ, ಅದು 2022ರ ನಂತರ ಬಯಲಾಯಿತು. ಅದಕ್ಕೂ ಹಿಂದಿನ ಹದಿನೈದು ವರ್ಷಗಳ ನಕ್ಷೆ ನೋಡಿದರೆ ನೈಜ ಯೀಲ್ಡ್ ಏರಿದಂತೆ ಚಿನ್ನ ಇಳಿಯುವುದು ಕಣ್ಣಿಗೇ ಕಾಣುತ್ತಿತ್ತು. 2023ರ ಅಕ್ಟೋಬರ್‌ನಲ್ಲಿ ನೈಜ ಯೀಲ್ಡ್ ಶೇ 2.5ರ ಹತ್ತಿರ ಇತ್ತು. ಹಳೆಯ ಸಂಬಂಧದ ಪ್ರಕಾರ ಚಿನ್ನ ಬಹಳ ಕೆಳಗಿರಬೇಕಿತ್ತು, ಅದು 2,000 ಡಾಲರಿನ ಆಸುಪಾಸಿನಲ್ಲಿತ್ತು. 2022ರ ಫೆಬ್ರುವರಿಯಲ್ಲಿ ರಷ್ಯಾದ ಕೇಂದ್ರೀಯ ಬ್ಯಾಂಕಿನ ವಿದೇಶಿ ಮೀಸಲನ್ನು ಪಾಶ್ಚಾತ್ಯ ದೇಶಗಳು ತಡೆಹಿಡಿದವು. 2022, 2023, 2024ರಲ್ಲಿ ಕೇಂದ್ರೀಯ ಬ್ಯಾಂಕುಗಳು ಪ್ರತಿ ವರ್ಷ ಒಂದು ಸಾವಿರ ಟನ್ನಿಗಿಂತ ಹೆಚ್ಚು ಚಿನ್ನ ಕೊಂಡವು. ಇವರು ಬಡ್ಡಿ ನೋಡಿ ಕೊಳ್ಳುವವರಲ್ಲ. ಬೆಲೆ ನಿರ್ಧರಿಸುವ ಖರೀದಿದಾರ ಬದಲಾದಾಗ ಸಹಸಂಬಂಧವೂ ಬದಲಾಗುತ್ತದೆ, ಹಳೆಯ ಅಂಕಿಗಳು ಅದನ್ನು ಮೊದಲೇ ಹೇಳುವುದಿಲ್ಲ. ಈ ಖರೀದಿ ನಿಧಾನವಾದರೆ ಚಿನ್ನ ಮತ್ತೆ ಬಡ್ಡಿಯ ಮಾತು ಕೇಳತೊಡಗಬಹುದು.

ಹಾಗಾಗಿ ಕಾಲಘಟ್ಟ ಗುರುತಿಸಿ ಒಳಗೆ ಹೊರಗೆ ಓಡಾಡುವುದನ್ನು ನಾನು ಸಲಹೆ ಮಾಡುವುದಿಲ್ಲ. 52 ವಾರಗಳ ಅಳತೆ ತಿರುವನ್ನು ದೃಢಪಡಿಸುವ ಹೊತ್ತಿಗೆ ಬಾಂಡಿನ ನಷ್ಟದ ದೊಡ್ಡ ಭಾಗ ಆಗಿಹೋಗಿರುತ್ತದೆ. ನಿಮ್ಮ ಸ್ಥಾನದಲ್ಲಿ ಬಾಂಡಿನಿಂದ 7 ಅಥವಾ 8 ತೆಗೆದು ಚಿನ್ನಕ್ಕೆ ಹಾಕಿ, ಅದು 5ಕ್ಕೆ ಇಳಿದಾಗ ಅಥವಾ 11ಕ್ಕೆ ಏರಿದಾಗ ಮಾತ್ರ ಮತ್ತೆ ಮೊದಲಿನ ಪಾಲಿಗೆ ತರುವುದು ಸಾಕು. ಏರಿದಾಗ ಮಾರಿ ತಗ್ಗಿಸುವುದನ್ನು ಬಿಡಬೇಡಿ: ಎರಡು ವರ್ಷ ಚಿನ್ನ ಓಡಿದರೆ 8 ಇದ್ದದ್ದು ಸದ್ದಿಲ್ಲದೆ 15 ಆಗಿ, ಮೇಲೆ ತೋರಿಸಿದ ನಷ್ಟದ ಕಡೆಗೆ ನಿಮ್ಮನ್ನು ತಳ್ಳುತ್ತದೆ.

ಪಾಲನ್ನು ಷೇರಿನಿಂದಲೂ ತೆಗೆಯಬೇಕೆನಿಸಿದರೆ ಹೋಲಿಕೆಯನ್ನು ಸರಿಯಾಗಿ ಮಾಡಿ. ಶಾಂತ ಕಾಲದ ಊಹೆಗಳಲ್ಲಿ 54–36–10ರ ಏರಿಳಿತ ಶೇ 8.50, 60–40ರದು 9.17, ಚಿನ್ನ ಗೆದ್ದಂತೆ ಕಾಣುತ್ತದೆ. ಆದರೆ ಷೇರನ್ನು ಅಷ್ಟೇ ತಗ್ಗಿಸಿ ಆ ಹಣವನ್ನು ಬಾಂಡಿಗೇ ಹಾಕಿದ 54–46ರದು ಶೇ 8.24. ಇಳಿಕೆ ಬಂದದ್ದು ಷೇರು ಕಡಿಮೆಯಾದದ್ದರಿಂದ, ಚಿನ್ನದಿಂದಲ್ಲ.